ಕ್ಯಾಮೆರಾ ನಿಂತ ಜಾಗದಿಂದ ಮುಂದೆ: ಕರುಳಿನ ಗೋಡೆಯ ಉರಿಯೂತ ಮತ್ತು ಎಂಆರ್ ಎಂಟರೋಗ್ರಫಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಇಂದಿನ ಮಾತನ್ನು ಒಂದು ವರದಿಯಿಂದ ಆರಂಭಿಸುತ್ತೇನೆ. ಇಪ್ಪತ್ತನಾಲ್ಕು ವರ್ಷದ ಯುವತಿಯೊಬ್ಬರ ಕೊಲೊನೋಸ್ಕೋಪಿ, ಅಂದರೆ ಗುದದ ಮಾರ್ಗವಾಗಿ ಕ್ಯಾಮೆರಾ ಕಳಿಸಿ ಕರುಳಿನ ಒಳಗನ್ನು ನೋಡುವ ಪರೀಕ್ಷೆಯ ವರದಿ ಅದು. ದೊಡ್ಡ ಕರುಳು ಪೂರ್ತಿ ಸಹಜವಾಗಿದೆ, ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಂನೊಳಗೆ ಐದು ಸೆಂಟಿಮೀಟರ್‌ವರೆಗೆ ಹೋಗಿ ನೋಡಲಾಗಿದೆ, ಅಲ್ಲಿಯೂ ಲೋಳೆಪೊರೆ ಸಹಜವಾಗಿದೆ ಎಂದು ಅದರಲ್ಲಿ ಬರೆದಿತ್ತು. ಆದರೆ ಎರಡು ವರ್ಷಗಳಿಂದ ಊಟವಾದ ಗಂಟೆಯೊಳಗೆ ಅವರಿಗೆ ಹೊಕ್ಕುಳಿನ ಬಲಗಡೆ ನುಲಿತ ಬರುತ್ತಿತ್ತು, ತೂಕ ಆರು ಕಿಲೋ ಇಳಿದಿತ್ತು, ಹಿಮೋಗ್ಲೋಬಿನ್ 9.6ಕ್ಕೆ ಬಂದಿತ್ತು. ಮಲದಲ್ಲಿ ಅಳೆಯುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಗ್ರಾಮಿಗೆ 50 ಮೈಕ್ರೋಗ್ರಾಮ್‌ಗಿಂತ ಕಡಿಮೆ ಇರಬೇಕಾದದ್ದು 680 ಇತ್ತು. ಕರುಳಿನಲ್ಲಿ ಎಲ್ಲೋ ಉರಿಯೂತವಿದೆ ಎಂದು ಆ ಪ್ರೋಟೀನ್ ಹೇಳುತ್ತಿತ್ತು; ಎಲ್ಲಿ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಯಾರ ಗುರುತೂ ಸಿಗದಿರಲೆಂದು ಎರಡು ಮೂರು ರೋಗಿಗಳ ವಿವರಗಳನ್ನು ಸೇರಿಸಿ ಈ ಒಂದು ಪ್ರಕರಣವನ್ನು ಕಟ್ಟಿಕೊಂಡಿದ್ದೇನೆ. ಆದರೆ ಇದರ ಒಂದೊಂದು ಹಂತವೂ ನಮ್ಮ ವಿಭಾಗದಲ್ಲಿ ಮತ್ತೆ ಮತ್ತೆ ಕಾಣುವಂಥದ್ದೇ.

ಕೊಲೊನೋಸ್ಕೋಪಿ ಮಾಡಿದವರು ತಪ್ಪು ಮಾಡಿರಲಿಲ್ಲ, ವರದಿಯಲ್ಲಿ ಸುಳ್ಳೂ ಇರಲಿಲ್ಲ. ಕಾಯಿಲೆ ಇದ್ದದ್ದು ಕ್ಯಾಮೆರಾ ನಿಂತ ಜಾಗದಿಂದ ಏಳು ಸೆಂಟಿಮೀಟರ್ ಮುಂದೆ. ಈ ಏಳು ಸೆಂಟಿಮೀಟರ್‌ಗಳನ್ನು ಅರ್ಥಮಾಡಿಕೊಳ್ಳಬೇಕಾದರೆ ಕರುಳಿನ ಗೋಡೆ ಎಂದರೇನು ಎಂಬುದನ್ನು ಮೊದಲು ನೋಡಬೇಕು.

ಕರುಳು ಒಂದು ಕೊಳವೆ. ಆದರೆ ಅದರ ಗೋಡೆ ಒಂದೇ ಪದರದ್ದಲ್ಲ. ಆಹಾರಕ್ಕೆ ತಗಲುವ ಒಳಮೈ ಲೋಳೆಪೊರೆ. ಅದರ ಹಿಂದೆ ರಕ್ತನಾಳಗಳು ಹರಡಿಕೊಂಡಿರುವ ಸಡಿಲವಾದ ನಡುಪದರ, ಅದರಾಚೆ ಕರುಳನ್ನು ಹಿಂಡುವ ಸ್ನಾಯುಪದರ, ಎಲ್ಲಕ್ಕಿಂತ ಹೊರಗೆ ತೆಳುವಾದ ಹೊರಪೊರೆ. ಚೆನ್ನಾಗಿ ಹಿಗ್ಗಿದ ಸಣ್ಣ ಕರುಳಿನಲ್ಲಿ ಇವೆಲ್ಲ ಸೇರಿದರೂ ದಪ್ಪ ಮೂರು ಮಿಲಿಮೀಟರ್ ಮೀರುವುದಿಲ್ಲ. ಕರುಳಿನ ಉರಿಯೂತದ ಕಾಯಿಲೆಗಳೆಂದು ನಾವು ಕರೆಯುವ ಎರಡು ಮುಖ್ಯ ರೋಗಗಳು ಬೇರೆಯಾಗುವುದು ಈ ಪದರಗಳಲ್ಲೇ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಆರಂಭವಾಗಿ, ನಡುವೆ ಬಿಡುವಿಲ್ಲದೆ ದೊಡ್ಡ ಕರುಳಿನಲ್ಲಿ ಮೇಲಕ್ಕೆ ಹರಡುತ್ತದೆ, ಮತ್ತು ಬಹುಮಟ್ಟಿಗೆ ಲೋಳೆಪೊರೆಯಲ್ಲಿ, ಹೆಚ್ಚೆಂದರೆ ಅದರ ಹಿಂದಿನ ಪದರದಲ್ಲಿ ನಿಲ್ಲುತ್ತದೆ. ಕ್ರೋನ್ಸ್ ಕಾಯಿಲೆ ಹಾಗಲ್ಲ. 1932ರಲ್ಲಿ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ಮೂವರು ವೈದ್ಯರು ವಿವರಿಸಿದ ಈ ಕಾಯಿಲೆ ಒಳಮೈಯಿಂದ ಹೊರಪೊರೆಯವರೆಗೆ ಗೋಡೆಯನ್ನು ಆರಪಾರ ಹಿಡಿಯುತ್ತದೆ. ಒಂದು ಕಡೆ ಹಿಡಿದು, ನಡುವೆ ಆರೋಗ್ಯವಾದ ಭಾಗವನ್ನು ಬಿಟ್ಟು, ಮುಂದೆ ಇನ್ನೊಂದು ಕಡೆ ಹಿಡಿಯುತ್ತದೆ. ಮತ್ತು ಅದಕ್ಕೆ ಅತಿ ಪ್ರಿಯವಾದ ಜಾಗ ಇಲಿಯಂನ ಕೊನೆ.

ಕೊಲೊನೋಸ್ಕೋಪಿ ಈ ಕೊಳವೆಯ ಒಳಗೆ ನಿಂತು ಒಳಮೈಯನ್ನು ನೋಡುತ್ತದೆ. ಹಾಗೆ ನೋಡುವುದರಲ್ಲಿ ಅದಕ್ಕೆ ಸಾಟಿಯಿಲ್ಲ: ಒಂದು ಮಿಲಿಮೀಟರ್‌ನ ಹುಣ್ಣು, ಲೋಳೆಪೊರೆಯ ಮೇಲಿನ ಕೆಂಪು, ಮುಟ್ಟಿದರೆ ಜಿನುಗುವ ರಕ್ತ, ಎಲ್ಲವೂ ಬಣ್ಣದಲ್ಲಿ ಕಾಣುತ್ತವೆ, ಅನುಮಾನ ಬಂದಲ್ಲಿ ಚಿಮುಟದಿಂದ ತುಣುಕು ತೆಗೆದು ಪ್ರಯೋಗಾಲಯಕ್ಕೆ ಕಳಿಸಬಹುದು. ಆದರೆ ಅದಕ್ಕೆ ಎರಡು ಗಡಿಗಳಿವೆ. ಮೊದಲನೆಯದು ಉದ್ದದ ಗಡಿ. ದೊಡ್ಡ ಕರುಳನ್ನು ದಾಟಿ, ಅದರ ಆರಂಭದ ಚೀಲದಂಥ ಭಾಗವಾದ ಸೀಕಂ ತಲುಪಿ, ಅಲ್ಲಿನ ಕವಾಟದ ಮೂಲಕ ಇಲಿಯಂನೊಳಗೆ ತೂರಿದ ಮೇಲೆ ಸಾಮಾನ್ಯವಾಗಿ ಐದು, ಹತ್ತು ಸೆಂಟಿಮೀಟರ್, ಅನುಕೂಲವಾದರೆ ಇನ್ನಷ್ಟು ಹೋಗಬಹುದು. ಅಲ್ಲಿಂದಾಚೆ ಮೀಟರ್‌ಗಟ್ಟಲೆ ಸಣ್ಣ ಕರುಳು ಉಳಿದಿರುತ್ತದೆ. ಕವಾಟವೇ ಊದಿಕೊಂಡು ಕಿರಿದಾಗಿದ್ದರೆ ಇಲಿಯಂನೊಳಗೆ ಹೋಗುವುದೇ ಆಗುವುದಿಲ್ಲ. ಎರಡನೆಯದು ಆಳದ ಗಡಿ. ಗೋಡೆಗೆ ಹೊಡೆದ ಬಣ್ಣವನ್ನು ನೋಡಿ ಇಟ್ಟಿಗೆ ತೇವವಾಗಿದೆಯೇ ಎಂದು ಹೇಳುವುದು ಎಷ್ಟು ಕಷ್ಟವೋ, ಲೋಳೆಪೊರೆಯನ್ನು ನೋಡಿ ಸ್ನಾಯುಪದರದ ಸ್ಥಿತಿಯನ್ನು ಹೇಳುವುದೂ ಅಷ್ಟೇ ಕಷ್ಟ. ಕ್ರೋನ್ಸ್ ಕಾಯಿಲೆಯಲ್ಲಿ ಕೆಲವೊಮ್ಮೆ ಇಲಿಯಂನ ಕೊನೆಯ ತುದಿಯ ಲೋಳೆಪೊರೆ ಚೆನ್ನಾಗಿಯೇ ಇದ್ದು, ಅದರ ಹಿಂದಿನ ಪದರಗಳಲ್ಲೋ ಇನ್ನೂ ಮೇಲಿನ ಭಾಗದಲ್ಲೋ ಉರಿಯೂತ ಜೋರಾಗಿರುತ್ತದೆ.

ಎಂಆರ್ ಎಂಟರೋಗ್ರಫಿ ಹೊರಗಿನಿಂದ ನೋಡುತ್ತದೆ, ಅಡ್ಡ ಸೀಳಿದಂತೆ ನೋಡುತ್ತದೆ. ಹೆಸರು ದೊಡ್ಡದಾದರೂ ವಿಷಯ ಸರಳ: ಸಣ್ಣ ಕರುಳನ್ನು ದ್ರವದಿಂದ ತುಂಬಿಸಿ ಹಿಗ್ಗಿಸಿ ಮಾಡುವ ಎಂಆರ್‌ಐ. ಈ ತುಂಬಿಸುವ ಕೆಲಸವೇ ಪರೀಕ್ಷೆಯ ಅರ್ಧ ಭಾಗ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ನಾಲ್ಕರಿಂದ ಆರು ಗಂಟೆ ಉಪವಾಸವಿದ್ದು ಬಂದವರಿಗೆ ಒಂದರಿಂದ ಒಂದೂವರೆ ಲೀಟರ್ ದ್ರವವನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತೇವೆ. ಬರೀ ನೀರು ಸಾಲದು, ಏಕೆಂದರೆ ಇಲಿಯಂ ತಲುಪುವಷ್ಟರಲ್ಲಿ ಕರುಳು ಅದನ್ನು ಹೀರಿಕೊಂಡಿರುತ್ತದೆ. ಆದ್ದರಿಂದ ಮ್ಯಾನಿಟಾಲ್, ಸಾರ್ಬಿಟಾಲ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್‌ನಂತಹ, ರಕ್ತಕ್ಕೆ ಸುಲಭವಾಗಿ ಸೇರದೆ ನೀರನ್ನು ತನ್ನ ಜೊತೆಗೇ ಹಿಡಿದಿಟ್ಟುಕೊಳ್ಳುವ ವಸ್ತುವನ್ನು ಬೆರೆಸುತ್ತೇವೆ. ಅದೇ ಕಾರಣಕ್ಕೆ ಪರೀಕ್ಷೆ ಮುಗಿದ ಕೆಲವು ಗಂಟೆ ಭೇದಿಯಾಗುವುದುಂಟು. ಅದನ್ನು ಮೊದಲೇ ಹೇಳದಿದ್ದರೆ ರೋಗಿ ದಾರಿಯಲ್ಲಿ ಪಡುವ ಪಾಡು ನಮ್ಮ ಲೆಕ್ಕಕ್ಕೇ ಬರುತ್ತದೆ.

ಮುಂದಿನ ತೊಡಕು ಕರುಳಿನ ಚಲನೆ. ಎಂಆರ್‌ಐ ಚಿತ್ರಕ್ಕೆ ರೋಗಿ ಹದಿನೈದು ಇಪ್ಪತ್ತು ಸೆಕೆಂಡು ಉಸಿರು ಹಿಡಿಯಬಹುದು, ಕರುಳಿಗೆ ನಿಲ್ಲು ಎಂದು ಹೇಳಲಾಗುವುದಿಲ್ಲ. ಅದಕ್ಕಾಗಿ 20 ಮಿಲಿಗ್ರಾಮ್ ಹಯೋಸಿನ್ ಬ್ಯುಟೈಲ್‌ಬ್ರೊಮೈಡ್ ಅಥವಾ, ಅದು ಆಗದವರಿಗೆ, ಒಂದು ಮಿಲಿಗ್ರಾಮ್ ಗ್ಲುಕಗಾನ್ ಚುಚ್ಚುಮದ್ದು ಕೊಟ್ಟು ಕೆಲ ನಿಮಿಷಗಳ ಮಟ್ಟಿಗೆ ಕರುಳನ್ನು ಸುಮ್ಮನಾಗಿಸುತ್ತೇವೆ. ಗ್ಲಾಕೋಮಾದ ಒಂದು ಬಗೆ, ಹೃದಯಬಡಿತದ ಏರುಪೇರು, ಮೂತ್ರ ಕಟ್ಟುವ ತೊಂದರೆ ಇವೆಯೇ ಎಂದು ಹಯೋಸಿನ್‌ಗೆ ಮೊದಲು ಕೇಳಲೇಬೇಕು. ಆದರೆ ಚುಚ್ಚುಮದ್ದಿಗೂ ಮೊದಲು ಕರುಳು ಚಲಿಸುತ್ತಿರುವಾಗಲೇ ಸಿನಿಮಾದಂತೆ ಒಂದು ಸರಣಿ ಚಿತ್ರಗಳನ್ನು ತೆಗೆದುಕೊಳ್ಳುವುದು ನನಗೆ ಇಷ್ಟ, ಏಕೆಂದರೆ ಆರೋಗ್ಯವಾದ ಸುರುಳಿ ಅಲೆಯಲೆಯಾಗಿ ಹಿಂಡಿಕೊಳ್ಳುವಾಗ ಉರಿಯೂತವಿರುವ ಭಾಗ ಹಠಹಿಡಿದಂತೆ ನಿಶ್ಚಲವಾಗಿ ನಿಂತಿರುತ್ತದೆ. ಮುಂದಿನ ಚಿತ್ರಗಳಲ್ಲಿ ಕಣ್ಣು ಎಲ್ಲಿಗೆ ಹೋಗಬೇಕೆಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನು ಚಿತ್ರಗಳು. ಎಂಆರ್‌ಐನಲ್ಲಿ ಒಂದೇ ಅಂಗವನ್ನು ಬೇರೆ ಬೇರೆ ಬಗೆಯಲ್ಲಿ ಕಾಣುವಂತೆ ಮಾಡಬಹುದು. ಟಿ2 ಎಂಬ ಬಗೆಯಲ್ಲಿ ನೀರು ಬಿಳಿಯಾಗಿ ಹೊಳೆಯುತ್ತದೆ. ಉರಿಯೂತ ಎಂದರೆ ಗೋಡೆಯೊಳಗೆ ನೀರು ಸೇರಿಕೊಂಡು ಊದುವುದು. ಆದ್ದರಿಂದ ಸಹಜ ಗೋಡೆ ಕಪ್ಪು ಗೆರೆಯಂತೆ ಕಾಣುವಲ್ಲಿ, ಊದಿದ ಗೋಡೆ ಮಾಸಲು ಬಿಳಿಯಾಗಿ ಕಾಣುತ್ತದೆ. ಇಲ್ಲಿ ಒಂದು ಮೋಸವಿದೆ. ಹಳೆಯ ಕಾಯಿಲೆಯಲ್ಲಿ ಗೋಡೆಯ ನಡುಪದರದಲ್ಲಿ ಕೊಬ್ಬು ಶೇಖರವಾಗಿರಬಹುದು, ಮತ್ತು ಕೊಬ್ಬು ಕೂಡ ಈ ಚಿತ್ರದಲ್ಲಿ ಬಿಳಿಯೇ. ಒಂದು ಈಗಿನ ಉರಿಯೂತ, ಮತ್ತೊಂದು ಹಿಂದಿನ ಉರಿಯೂತ ಬಿಟ್ಟುಹೋದ ಗುರುತು; ಚಿಕಿತ್ಸೆಯ ದೃಷ್ಟಿಯಿಂದ ಎರಡಕ್ಕೂ ಬಹಳ ಅಂತರ. ಕೊಬ್ಬಿನ ಸಂಕೇತವನ್ನು ಅಡಗಿಸಿ ತೆಗೆದ ಇನ್ನೊಂದು ಟಿ2 ಚಿತ್ರವನ್ನು ಪಕ್ಕಕ್ಕೆ ಇಟ್ಟುಕೊಂಡರೆ ಜಗಳ ತೀರುತ್ತದೆ: ಅದರಲ್ಲೂ ಗೋಡೆ ಬಿಳಿಯಾಗಿಯೇ ಉಳಿದರೆ ಅದು ನೀರು, ಕಪ್ಪಾದರೆ ಅದು ಕೊಬ್ಬು. ಈ ಎರಡನೆಯ ಚಿತ್ರವಿಲ್ಲದ ಪರೀಕ್ಷೆಯಲ್ಲಿ ಊತವಿದೆ ಎಂದು ಬರೆಯಲು ನನ್ನ ಕೈ ಹಿಂಜರಿಯುತ್ತದೆ.

ಆಮೇಲೆ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಇರುವ ಕಾಂಟ್ರಾಸ್ಟ್ ದ್ರವವನ್ನು ಕೊಟ್ಟು, ಸುಮಾರು ಮುಕ್ಕಾಲು ನಿಮಿಷದಿಂದ ಒಂದು ನಿಮಿಷ ಕಳೆದ ಮೇಲೆ ಟಿ1 ಬಗೆಯ ಚಿತ್ರಗಳನ್ನು ತೆಗೆಯುತ್ತೇವೆ. ಕುಡಿಸಿದ ದ್ರವ ಟಿ2ನಲ್ಲಿ ಬಿಳಿಯಾಗಿಯೂ ಟಿ1ನಲ್ಲಿ ಕಪ್ಪಾಗಿಯೂ ಕಾಣುವುದರಿಂದ, ಈಗ ಕಪ್ಪು ಕೊಳವೆಯ ಸುತ್ತ ಗೋಡೆ ಬೆಳಗುತ್ತದೆ. ಉರಿಯೂತವಿದ್ದಲ್ಲಿ ರಕ್ತ ಹೆಚ್ಚು ಹರಿಯುತ್ತದೆ, ನಾಳಗಳು ಸೋರುತ್ತವೆ, ಆದ್ದರಿಂದ ಆ ಭಾಗ ಪಕ್ಕದ ಸುರುಳಿಗಿಂತ ಹೆಚ್ಚು ಬೆಳಗುತ್ತದೆ. ಕೆಲವೊಮ್ಮೆ ಲೋಳೆಪೊರೆ ಒಂದು ಬಿಳಿ ಉಂಗುರವಾಗಿ, ಊದಿದ ನಡುಪದರ ಕಪ್ಪು ಉಂಗುರವಾಗಿ, ಹೊರಗಿನ ಪದರಗಳು ಮತ್ತೊಂದು ಬಿಳಿ ಉಂಗುರವಾಗಿ ಪದರಪದರವಾಗಿ ಕಾಣುತ್ತವೆ. ಇನ್ನೊಂದು ಗಮನಿಸಬೇಕಾದ ವಿಷಯವೆಂದರೆ, ಕ್ರೋನ್ಸ್ ಕಾಯಿಲೆ ಕೊಳವೆಯ ಸುತ್ತ ಸಮನಾಗಿ ಹಿಡಿಯುವುದು ಕಡಿಮೆ; ರಕ್ತನಾಳಗಳು ಬಂದು ಸೇರುವ ಬದಿ, ಅಂದರೆ ಮೆಸೆಂಟರಿಯ ಬದಿ, ಹೆಚ್ಚು ದಪ್ಪವಾಗಿರುತ್ತದೆ. ಒಂದು ಬದಿ ಬಿಗಿದು ಕುಗ್ಗಿದಾಗ ಎದುರು ಬದಿಯ ಮೃದುವಾದ ಗೋಡೆ ಜೋಳಿಗೆಯಂತೆ ಹೊರಕ್ಕೆ ಉಬ್ಬುತ್ತದೆ. ಹೀಗೆ ಒಂದೇ ಬದಿಯ ದಪ್ಪ ಕಂಡರೆ ಕ್ರೋನ್ಸ್ ಎಂಬ ಅನುಮಾನ ಗಟ್ಟಿಯಾಗುತ್ತದೆ.

ಗೋಡೆಯ ಹೊರಗೂ ಕಾಯಿಲೆ ಬರೆದ ಬರಹವಿರುತ್ತದೆ, ಮತ್ತು ಕೊಲೊನೋಸ್ಕೋಪಿಗೆ ಎಂದೂ ಕಾಣದ ಭಾಗ ಇದು. ಉರಿಯುತ್ತಿರುವ ಸುರುಳಿಗೆ ರಕ್ತ ತರುವ ಸಣ್ಣ ನಾಳಗಳು ಹಿಗ್ಗಿ, ನೇರವಾಗಿ, ಸಾಲಾಗಿ ನಿಂತು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತವೆ. ಆ ಹೆಸರಿನಿಂದಲೇ ಆ ಚಿಹ್ನೆಯನ್ನು ಕರೆಯುತ್ತೇವೆ. ಮೆಸೆಂಟರಿಯ ಕೊಬ್ಬು ಬೆಳೆದು ಕರುಳಿನ ಮೇಲೆ ತೆವಳಿದಂತೆ ಸುತ್ತಿಕೊಳ್ಳುತ್ತದೆ. ಗೋಡೆಯನ್ನು ತೂತು ಮಾಡಿಕೊಂಡು ಹೊರಟ ಹುಣ್ಣು ಪಕ್ಕದ ಸುರುಳಿಗೋ ಮೂತ್ರಕೋಶಕ್ಕೋ ದಾರಿ ಮಾಡಿಕೊಂಡರೆ ಅದು ಫಿಸ್ಟುಲಾ. ದಾರಿ ಸಿಗದೆ ಅಲ್ಲೇ ಕೀವುಗಟ್ಟಿದರೆ ಕುರು. ಕುರು ಇರುವುದನ್ನು ಗಮನಿಸದೆ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಿ ಆರಂಭಿಸಿದರೆ ಏನಾಗಬಹುದೆಂದು ವೈದ್ಯರಲ್ಲದವರೂ ಊಹಿಸಬಹುದು.

ಈಗ ನಮ್ಮ ಯುವತಿಯ ಚಿತ್ರಗಳಿಗೆ ಬರೋಣ. ಕೊಲೊನೋಸ್ಕೋಪಿಯ ನಂತರ ಅವರಿಗೆ ಕ್ಯಾಪ್ಸೂಲ್ ಕ್ಯಾಮೆರಾ ನುಂಗಿಸುವ ಯೋಚನೆ ಇತ್ತು. ಊಟದ ನಂತರ ನುಲಿತ ಎಂಬ ಒಂದು ಮಾತು ಕೇಳಿ, ಎಲ್ಲಾದರೂ ಕರುಳು ಕಿರಿದಾಗಿದ್ದರೆ ಕ್ಯಾಪ್ಸೂಲ್ ಅಲ್ಲೇ ಸಿಕ್ಕಿಕೊಂಡೀತು ಎಂಬ ಆತಂಕದಿಂದ ಮೊದಲು ಎಂಆರ್ ಎಂಟರೋಗ್ರಫಿ ಮಾಡಿಸಲಾಯಿತು. ಕವಾಟದಿಂದ ಹನ್ನೆರಡು ಸೆಂಟಿಮೀಟರ್ ಮೇಲೆ ಆರಂಭವಾಗಿ, ಹದಿನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಇಲಿಯಂನ ಗೋಡೆ ಎಂಟು ಮಿಲಿಮೀಟರ್ ದಪ್ಪವಾಗಿತ್ತು. ಕೊಬ್ಬು ಅಡಗಿಸಿದ ಟಿ2 ಚಿತ್ರದಲ್ಲೂ ಗೋಡೆ ಬಿಳಿಯಾಗಿಯೇ ಇತ್ತು. ಒಳಮೈಯಲ್ಲಿ ಎರಡು ಕಡೆ ದ್ರವ ಗೋಡೆಯೊಳಕ್ಕೆ ಕೊರೆದುಕೊಂಡು ಹೋದಂತೆ ಕಾಣುತ್ತಿದ್ದ ಆಳವಾದ ಹುಣ್ಣುಗಳಿದ್ದವು. ಕೆಳತುದಿಯ ಮೂರೂವರೆ ಸೆಂಟಿಮೀಟರ್‌ನಲ್ಲಿ ಕೊಳವೆ ದಾರದಷ್ಟು ಕಿರಿದಾಗಿ, ಅದರ ಮೇಲಿನ ಸುರುಳಿ 3.4 ಸೆಂಟಿಮೀಟರ್‌ಗೆ ಹಿಗ್ಗಿತ್ತು. ಕಿರಿದಾದ ಭಾಗದ ಮೇಲೆ ಕರುಳು ಮೂರು ಸೆಂಟಿಮೀಟರ್ ಮೀರಿ ಹಿಗ್ಗಿದ್ದರೆ ಅಲ್ಲಿ ನಿಜವಾದ ತಡೆಯಿದೆ ಎಂದು ತಿಳಿಯುತ್ತೇವೆ. ಊಟವಾದ ಗಂಟೆಯೊಳಗಿನ ನುಲಿತಕ್ಕೆ ಅರ್ಥ ಸಿಕ್ಕಿತು. ಕ್ಯಾಪ್ಸೂಲ್ ನುಂಗಿಸಿದ್ದರೆ ಅದು ಆ 3.4 ಸೆಂಟಿಮೀಟರ್‌ನ ಕೋಣೆಯಲ್ಲಿ ಕೂತುಬಿಡುತ್ತಿತ್ತು.

ಉರಿಯೂತವನ್ನು “ಜೋರಾಗಿದೆ”, “ಸ್ವಲ್ಪವಿದೆ” ಎಂದು ಬರೆದರೆ ಆರು ತಿಂಗಳ ನಂತರ ಹೋಲಿಸುವಾಗ ಕಷ್ಟ. ಅದಕ್ಕಾಗಿ ಮಾರಿಯಾ ಎಂಬ ಅಂಕಪದ್ಧತಿ ಬಳಕೆಯಲ್ಲಿದೆ. ಕರುಳಿನ ಒಂದೊಂದು ಭಾಗಕ್ಕೂ ಲೆಕ್ಕ ಹೀಗೆ:

1.5 × ಗೋಡೆಯ ದಪ್ಪ (ಮಿಲಿಮೀಟರ್) + 0.02 × ಕಾಂಟ್ರಾಸ್ಟ್‌ನಿಂದ ಹೆಚ್ಚಿದ ಬೆಳಗು (ಶೇಕಡಾ) + ಊತವಿದ್ದರೆ 5 + ಹುಣ್ಣಿದ್ದರೆ 10

ಏಳು ಅಥವಾ ಹೆಚ್ಚು ಬಂದರೆ ಕಾಯಿಲೆ ಸಕ್ರಿಯ, ಹನ್ನೊಂದು ಅಥವಾ ಹೆಚ್ಚು ಬಂದರೆ ತೀವ್ರ. ನಮ್ಮ ಪ್ರಕರಣದಲ್ಲಿ ದಪ್ಪ ಎಂಟು, ಅದರಿಂದ 12. ಬೆಳಗು ಶೇಕಡಾ 110 ಹೆಚ್ಚಿತ್ತು, ಅದರಿಂದ 2.2, ಊತಕ್ಕೆ 5, ಹುಣ್ಣಿಗೆ 10. ಒಟ್ಟು 29.2. ಈ ಅಂಕಪದ್ಧತಿ ರೂಪುಗೊಂಡದ್ದೇ ಕೊಲೊನೋಸ್ಕೋಪಿಯಲ್ಲಿ ಕಂಡದ್ದರ ಜೊತೆ ಹೋಲಿಸಿ ನೋಡಿ ಎಂಬುದು ಸ್ವಾರಸ್ಯದ ಸಂಗತಿ. ಒಳಮೈಯ ಸತ್ಯವನ್ನು ಅಳತೆಗೋಲಾಗಿಟ್ಟುಕೊಂಡು ಗೋಡೆಯ ಚಿತ್ರವನ್ನು ಅಳೆದಿದ್ದಾರೆ. ಇದರ ಮಿತಿ ಮುಂದೆ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ, ಚಿತ್ರ ಓದುವಾಗ ಎಡವುವುದು ಹೇಗೆಂಬುದನ್ನೂ ಹೇಳಬೇಕು. ವೃತ್ತಿಯ ಆರಂಭದ ದಿನಗಳಲ್ಲಿ, ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಸಣ್ಣ ಕರುಳಿನ ನಡುಭಾಗವಾದ ಜೆಜುನಂನ ಗೋಡೆ ದಪ್ಪವಾಗಿ ಜೋರಾಗಿ ಬೆಳಗುತ್ತಿದ್ದುದನ್ನು ನೋಡಿ ನಾನು ಉರಿಯೂತವೆಂದು ವರದಿ ಬರೆದಿದ್ದೆ. ಹಿರಿಯರೊಬ್ಬರು ಚಿತ್ರವನ್ನು ನೋಡಿ, “ಇದೇ ಸುರುಳಿ ಹತ್ತು ನಿಮಿಷದ ಹಿಂದಿನ ಚಿತ್ರದಲ್ಲಿ ಹೇಗಿದೆ ನೋಡಿದಿರಾ?” ಎಂದಷ್ಟೇ ಕೇಳಿದರು. ಅಲ್ಲಿ ಅದು ಚೆನ್ನಾಗಿ ಹಿಗ್ಗಿ, ಗೋಡೆ ಕಾಗದದಷ್ಟು ತೆಳುವಾಗಿತ್ತು. ದ್ರವ ಇಲ್ಲದೆ ಮುದುಡಿದ ಸುರುಳಿ ಯಾವಾಗಲೂ ದಪ್ಪವಾಗಿಯೇ ಕಾಣುತ್ತದೆ. ಅದರಲ್ಲೂ ಮಡಿಕೆಗಳು ಹೆಚ್ಚಿರುವ ಜೆಜುನಂ ಆರೋಗ್ಯವಾಗಿದ್ದಾಗಲೂ ಇಲಿಯಂಗಿಂತ ಹೆಚ್ಚು ಬೆಳಗುತ್ತದೆ. ಅಂದಿನಿಂದ, ಪರೀಕ್ಷೆಯ ಎಲ್ಲ ಚಿತ್ರಸರಣಿಗಳಲ್ಲೂ ಅದೇ ಜಾಗ ಅದೇ ರೀತಿ ದಪ್ಪವಾಗಿ ಉಳಿದಿದೆಯೇ, ಟಿ2ನಲ್ಲಿ ಊತ ಜೊತೆಗಿದೆಯೇ ಎಂಬ ಎರಡು ಪ್ರಶ್ನೆ ಕೇಳಿಕೊಳ್ಳದೆ ದಪ್ಪ ಎಂಬ ಪದವನ್ನು ಬರೆಯುವುದಿಲ್ಲ. ನೀರಿನ ಅಣುಗಳ ಚಲನೆಯನ್ನು ಆಧರಿಸಿದ ಡಿಫ್ಯೂಷನ್ ಎಂಬ ಚಿತ್ರವೂ ಇದೆ. ಉರಿಯೂತದ ಭಾಗ ಅದರಲ್ಲಿ ದೀಪದಂತೆ ಹೊಳೆಯುತ್ತದೆ, ಆದರೆ ಮುದುಡಿದ ಆರೋಗ್ಯವಂತ ಸುರುಳಿಯೂ ಹೊಳೆದುಬಿಡುತ್ತದೆ. ಅದೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ.

ಎಂಆರ್ ಎಂಟರೋಗ್ರಫಿಗೆ ಕಾಣದೇ ಹೋಗುವುದೇನು ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಒಂದು ಚಿತ್ರದ ಪದರವೇ ನಾಲ್ಕೈದು ಮಿಲಿಮೀಟರ್ ದಪ್ಪವಿರುವಾಗ, ಕಾಯಿಲೆಯ ಮೊದಲ ಗುರುತಾದ ಒಂದೆರಡು ಮಿಲಿಮೀಟರ್‌ನ ಮೇಲ್ಮೈ ಹುಣ್ಣುಗಳು ಅದರೊಳಗೆ ಕರಗಿಹೋಗುತ್ತವೆ. ಗೋಡೆ ಇನ್ನೂ ದಪ್ಪವಾಗದ, ಒಳಮೈ ಮಾತ್ರ ಕೆಂಪಾದ ಹಂತದ ಕಾಯಿಲೆ ಇಲ್ಲಿ ಸಹಜವೆಂದೇ ವರದಿಯಾಗಬಹುದು. ಅದೇ ಕಾರಣಕ್ಕೆ, ಲೋಳೆಪೊರೆಯಲ್ಲೇ ನಿಲ್ಲುವ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಈ ಪರೀಕ್ಷೆ ಹೇಳುವುದು ಕಡಿಮೆ. ಸಣ್ಣ ಕರುಳಿನಲ್ಲಿ ಕ್ರೋನ್ಸ್ ಇದೆಯೇ ಎಂಬ ಅನುಮಾನ ಪರಿಹರಿಸಲು ಮಾತ್ರ ಮಾಡಿಸುತ್ತೇವೆ. ದೊಡ್ಡ ಕರುಳಿನಲ್ಲಿ ಬಹುಕಾಲ ಉರಿಯೂತವಿದ್ದವರಿಗೆ, ಲಕ್ಷಣಗಳು ಆರಂಭವಾದ ಸುಮಾರು ಎಂಟು ವರ್ಷಗಳ ನಂತರ, ಕ್ಯಾನ್ಸರ್‌ನ ಮುನ್ಸೂಚನೆಯ ಜೀವಕೋಶಗಳಿಗಾಗಿ ನಿಯತವಾಗಿ ತಪಾಸಣೆ ನಡೆಸಬೇಕಾಗುತ್ತದೆ. ಅದು ಸಂಪೂರ್ಣವಾಗಿ ಕೊಲೊನೋಸ್ಕೋಪಿಯ ಕೆಲಸ. ಕೊನೆಯದಾಗಿ, ಎಂಆರ್‌ಐ ಚಿತ್ರಕ್ಕೆ ಕೈಯಿಲ್ಲ. ಅದು ತುಣುಕು ತೆಗೆಯಲಾರದು. ಇಲಿಯಂನ ಕೊನೆಯನ್ನು ಕ್ಷಯವೂ ಹಿಡಿಯುತ್ತದೆ, ಗೋಡೆ ದಪ್ಪವಾಗುತ್ತದೆ, ಕೊಳವೆ ಕಿರಿದಾಗುತ್ತದೆ. ಒಳಭಾಗ ಕೊಳೆತ ದೊಡ್ಡ ದುಗ್ಧಗ್ರಂಥಿಗಳು, ಸುಕ್ಕಿ ಕುಗ್ಗಿದ ಸೀಕಂ ಕಂಡರೆ ಕ್ಷಯದ ಕಡೆ ವಾಲುತ್ತೇವೆ, ಆದರೆ ಚಿತ್ರದ ಮೇಲೆಯೇ ಬೆರಳಿಟ್ಟು ಇದೇ ಎಂದು ಹೇಳಲಾಗದು. ಕ್ರೋನ್ಸ್‌ಗೆ ಕೊಡುವ ಔಷಧಿ ಕ್ಷಯವನ್ನು ಕೆರಳಿಸಬಹುದು ಎಂಬುದರಿಂದ ಇಲ್ಲಿ ಊಹೆಗೆ ಜಾಗವಿಲ್ಲ.

ನಮ್ಮ ಯುವತಿಯ ವಿಷಯದಲ್ಲೂ ಹೀಗೆಯೇ ಆಯಿತು. ಚಿತ್ರ ಜಾಗವನ್ನು ತೋರಿಸಿದ್ದರಿಂದ, ಬಲೂನಿನ ಸಹಾಯದಿಂದ ಸಣ್ಣ ಕರುಳಿನೊಳಗೆ ಇನ್ನೂ ದೂರ ಹೋಗುವ ಎಂಟರೋಸ್ಕೋಪ್ ಅನ್ನು ಗುದದ ಮಾರ್ಗವಾಗಿಯೇ ಕಳಿಸಿ, ಕಿರಿದಾದ ಭಾಗದ ಅಂಚಿನಿಂದ ತುಣುಕುಗಳನ್ನು ತೆಗೆಯಲಾಯಿತು. ಕ್ಷಯದ ಪರೀಕ್ಷೆಗಳೆಲ್ಲ ಇಲ್ಲವೆಂದು ಬಂದವು, ಸೂಕ್ಷ್ಮದರ್ಶಕದಲ್ಲಿ ಕ್ರೋನ್ಸ್‌ಗೆ ಹೊಂದುವ, ಗ್ರಾನುಲೋಮಾ ಎಂಬ ಉರಿಯೂತದ ಜೀವಕೋಶಗಳ ಗಂಟುಗಳು ಕಂಡವು. ಎಲ್ಲಿ ನೋಡಬೇಕೆಂದು ಹೊರಗಿನ ಚಿತ್ರ ಹೇಳಿತು, ಏನೆಂದು ಒಳಗಿನ ಚಿಮುಟ ಹೇಳಿತು. ಚಿಕಿತ್ಸೆ ಆರಂಭವಾಯಿತು: ಉರಿಯೂತದ ಟಿಎನ್‌ಎಫ್ ಎಂಬ ಅಂಶವನ್ನು ತಡೆಯುವ ಚುಚ್ಚುಮದ್ದು.

ಇಲ್ಲಿಂದ ಮುಂದೆ ವಿಷಯ ಜಟಿಲವಾಗುತ್ತದೆ. ಕಿರಿದಾದ ಕರುಳಿನಲ್ಲಿ ಎರಡು ಸಂಗತಿಗಳಿರಬಹುದು: ಊದಿದ್ದರಿಂದ ಕಿರಿದಾದದ್ದು, ಅಥವಾ ಉರಿಯೂತ ಮಾಗಿ ನಾರುಗಟ್ಟಿ ಕಿರಿದಾದದ್ದು. ಮೊದಲನೆಯದಕ್ಕೆ ಔಷಧಿ ಕೆಲಸ ಮಾಡುತ್ತದೆ. ಎರಡನೆಯದಕ್ಕೆ ಬಲೂನಿನಿಂದ ಹಿಗ್ಗಿಸುವುದು ಅಥವಾ ಶಸ್ತ್ರಚಿಕಿತ್ಸೆಯೇ ಗತಿ. ಊತದ ಬಿಳಿ ಟಿ2ನಲ್ಲಿ ಇದ್ದರೆ ಉರಿಯೂತ, ಗೋಡೆ ಕಪ್ಪಾಗಿದ್ದು ಕಾಂಟ್ರಾಸ್ಟ್ ಕೊಟ್ಟ ಏಳು ನಿಮಿಷದ ಹೊತ್ತಿಗೂ ಬೆಳಗು ಏರುತ್ತಲೇ ಹೋದರೆ ನಾರು ಎಂಬ ಸುಳಿವುಗಳಿವೆ. ಆದರೆ ವಾಸ್ತವದಲ್ಲಿ ಒಂದೇ ಗೋಡೆಯಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ಉರಿಯೂತವಿದೆ ಎಂದು ಕಂಡ ಮಾತ್ರಕ್ಕೆ ನಾರಿಲ್ಲ ಎಂದು ಹೇಳಲು ಯಾವ ಚಿತ್ರಕ್ಕೂ ಆಗುವುದಿಲ್ಲ. ಕೊಲೊನೋಸ್ಕೋಪಿಯೂ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಚಿಮುಟಕ್ಕೆ ಸಿಗುವ ತುಣುಕು ಲೋಳೆಪೊರೆಯದು, ನಾರು ಇರುವುದು ಅದರ ಹಿಂದೆ.

ಆರು ತಿಂಗಳ ನಂತರ ಎರಡನೆಯ ಎಂಆರ್ ಎಂಟರೋಗ್ರಫಿ ಮಾಡಿದೆವು. ವಿಕಿರಣವಿಲ್ಲದ ಪರೀಕ್ಷೆಯಾದ್ದರಿಂದ ಇಪ್ಪತ್ತರ ಹರೆಯದವರಿಗೂ ಹೀಗೆ ಮರಳಿ ಮರಳಿ ಮಾಡಬಹುದು ಎಂಬುದು ಸಿಟಿ ಸ್ಕ್ಯಾನ್‌ಗಿಂತ ಇದರ ದೊಡ್ಡ ಅನುಕೂಲ. ಗ್ಯಾಡೊಲಿನಿಯಂ ಬೇಕೇ ಎಂದು ಮಾತ್ರ ಪ್ರತಿ ಬಾರಿಯೂ ಯೋಚಿಸಬೇಕು, ಮೂತ್ರಪಿಂಡ ತೀರಾ ದುರ್ಬಲವಾದವರಲ್ಲೂ ಗರ್ಭಿಣಿಯರಲ್ಲೂ ಅದನ್ನು ಸಾಧ್ಯವಾದಷ್ಟು ಬಿಡುತ್ತೇವೆ. ಕಾಯಿಲೆಯ ಮೇಲಿನ ಹತ್ತು ಸೆಂಟಿಮೀಟರ್‌ನಲ್ಲಿ ಗೋಡೆ ಮೂರೂವರೆ ಮಿಲಿಮೀಟರ್‌ಗೆ ಇಳಿದಿತ್ತು, ಊತ ಮತ್ತು ಹುಣ್ಣು ಹೋಗಿದ್ದವು, ಬೆಳಗು ಶೇಕಡಾ 70. ಲೆಕ್ಕ 6.65, ಏಳಕ್ಕಿಂತ ಕೆಳಗೆ. ಔಷಧಿ ಕೆಲಸ ಮಾಡಿತ್ತು. ಆದರೆ ಕೆಳತುದಿಯ ಕಿರಿದಾದ ಭಾಗದಲ್ಲಿ ಗೋಡೆ ಇನ್ನೂ ಏಳು ಮಿಲಿಮೀಟರ್, ಬೆಳಗು ಶೇಕಡಾ 100, ಊತವಿಲ್ಲ, ಹುಣ್ಣಿಲ್ಲ. ಲೆಕ್ಕ ಹಾಕಿದರೆ 10.5 ಮತ್ತು 2, ಒಟ್ಟು 12.5. ಅಂಕದ ಪ್ರಕಾರ ಇದು ತೀವ್ರ ಕಾಯಿಲೆ. ಚಿತ್ರದ ಪ್ರಕಾರ ಅಲ್ಲ: ಟಿ2ನಲ್ಲಿ ಗೋಡೆ ಕಪ್ಪಾಗಿತ್ತು, ತಡವಾಗಿ ತೆಗೆದ ಚಿತ್ರದಲ್ಲಿ ಬೆಳಗು ಏರಿತ್ತು, ಮತ್ತು ಅದರ ಮೇಲಿನ ಸುರುಳಿ 3.4ರಿಂದ 3.8 ಸೆಂಟಿಮೀಟರ್‌ಗೆ ಹಿಗ್ಗಿತ್ತು. ನಾರುಗಟ್ಟಿ ದಪ್ಪವಾದ ಗೋಡೆಯನ್ನೂ ಉರಿಯೂತದಿಂದ ದಪ್ಪವಾದ ಗೋಡೆಯನ್ನೂ ಆ ಸೂತ್ರ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅಂಕವನ್ನಷ್ಟೇ ನೋಡಿದವರು ಔಷಧಿಯ ಪ್ರಮಾಣ ಏರಿಸಿ ಇನ್ನಾರು ತಿಂಗಳು ಕಳೆಯುತ್ತಿದ್ದರು.

ಎಂಟರೋಸ್ಕೋಪ್ ಮೂಲಕ ಬಲೂನಿನಿಂದ ಒಮ್ಮೆ ಹಿಗ್ಗಿಸಲಾಯಿತು. ನಾಲ್ಕು ತಿಂಗಳು ಆರಾಮವಾಗಿದ್ದರು, ಆಮೇಲೆ ನುಲಿತ ಮರಳಿತು. ಕೊನೆಗೆ ಶಸ್ತ್ರಚಿಕಿತ್ಸೆಯಾಯಿತು. ಕಿರಿದಾದ ಭಾಗವನ್ನೂ, ಕವಾಟಕ್ಕೆ ತೀರಾ ಹತ್ತಿರ ಜೋಡಣೆ ಬೇಡವೆಂದು ಅದರ ಕೆಳಗಿನ ತುಂಡನ್ನೂ ಸೀಕಂ ಸಹಿತ ತೆಗೆದು, ಇಲಿಯಂ ಅನ್ನು ದೊಡ್ಡ ಕರುಳಿಗೆ ನೇರವಾಗಿ ಜೋಡಿಸಿದರು. ತೆಗೆದ ತುಂಡನ್ನು ಸೀಳಿ ನೋಡಿದಾಗ ಲೋಳೆಪೊರೆ ಬಹುತೇಕ ಮಾಗಿತ್ತು, ಹಿಂದಿನ ಪದರ ದಟ್ಟವಾದ ನಾರಾಗಿತ್ತು, ಸ್ನಾಯುಪದರ ದಪ್ಪಗಾಗಿತ್ತು. ನಡುನಡುವೆ ಮಾತ್ರ ಉರಿಯೂತದ ಜೀವಕೋಶಗಳ ಗುಂಪುಗಳಿನ್ನೂ ಕುಳಿತಿದ್ದವು. ನಾರು ಎಂದು ನಾನು ಬರೆದದ್ದು ಸರಿಯಿತ್ತು, ಉರಿಯೂತ ಉಳಿದಿಲ್ಲ ಎಂಬಂತೆ ಬರೆದದ್ದು ಪೂರ್ತಿ ಸರಿಯಿರಲಿಲ್ಲ.

ಉಪನ್ಯಾಸದ ನಂತರ ಸಭೆಯಲ್ಲಿ ಒಬ್ಬರು, ಹಾಗಾದರೆ ಇನ್ನು ಮುಂದೆ ಆಕೆಗೆ ಎಂಆರ್‌ಐ ಮಾತ್ರ ಸಾಕಲ್ಲವೇ ಎಂದು ಕೇಳಿದರು. ಸಾಲದು. ಶಸ್ತ್ರಚಿಕಿತ್ಸೆಯ ನಂತರ ಕಾಯಿಲೆ ಮರಳುವುದು ಬಹುತೇಕ ಜೋಡಣೆಯ ಜಾಗದಲ್ಲೇ, ಅದರ ಇಲಿಯಂ ಬದಿಯಲ್ಲಿ, ಮತ್ತು ಮರಳಿದಾಗ ಮೊದಲು ಕಾಣುವುದು ಒಂದೆರಡು ಮಿಲಿಮೀಟರ್‌ನ ಮೇಲ್ಮೈ ಹುಣ್ಣುಗಳಾಗಿ. ಗೋಡೆ ದಪ್ಪವಾಗುವುದು ಆಮೇಲೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಕೊಲೊನೋಸ್ಕೋಪಿ ಮಾಡಿಸುವುದು ಅದಕ್ಕಾಗಿಯೇ. ಹಿಂದೆ ಕವಾಟದಿಂದ ಹದಿನೈದು ಸೆಂಟಿಮೀಟರ್‌ಗೂ ಆಚೆ ಇದ್ದ ಇಲಿಯಂನ ಜಾಗ ಈಗ ಕವಾಟವೇ ಇಲ್ಲದೆ ಕ್ಯಾಮೆರಾಕ್ಕೆ ನೇರವಾಗಿ ಸಿಗುತ್ತಿತ್ತು. ಏಳನೆಯ ತಿಂಗಳಲ್ಲಿ ನೋಡಿದಾಗ ಜೋಡಣೆಯಿಂದ ಎರಡು ಬೆರಳು ಮೇಲೆ ಮೂರು ಸಣ್ಣ ಹುಣ್ಣುಗಳಿದ್ದವು. ಅದೇ ವಾರ ತೆಗೆದ ಎಂಆರ್‌ಐನಲ್ಲಿ ಆ ಜಾಗದ ಗೋಡೆ ಎರಡೂವರೆ ಮಿಲಿಮೀಟರ್ ದಪ್ಪವಿತ್ತು, ಊತವಿರಲಿಲ್ಲ, ಬೆಳಗು ಪಕ್ಕದ ಸುರುಳಿಯಷ್ಟೇ ಇತ್ತು; ಈ ಬಾರಿ “ಸಹಜವಾಗಿದೆ” ಎಂಬ ವರದಿಗೆ ಸಹಿ ಹಾಕಿದವನು ನಾನು.